ದಿಂಬಿನ ಕವರಿನ ಮಲ್ಲಿಗೆ ಬಳ್ಳಿ

ಉಮ್ಮ ಮದುವೆಗೆ ಮುಂಚೆ ಕಸೂತಿ ಹಾಕಿದ ದಿಂಬಿನ ಕವರ್ ಒಂದು ನಮ್ಮ ಮನೆಯಲ್ಲಿ ಇನ್ನೂ ಇದೆ. ಮೂಲೆಯಲ್ಲೊಂದು ಮಲ್ಲಿಗೆ ಬಳ್ಳಿ. ಎಷ್ಟೋ ಸಲ ಒಗೆದರೂ ದಂಟಿನ ಹಸಿರು ನೂಲು ಗಟ್ಟಿಯಾಗಿದೆ, ದೊಡ್ಡ ಎಸಳುಗಳ ನೂಲು ಮಾತ್ರ ಸಡಿಲವಾಗಿ ಎದ್ದಿದೆ. ಈಗ ತಂಗಿಯ ಮಗಳಿಗೆ ಅದೇ ಬಳ್ಳಿ ಹೊಲಿಯುವ ಆಸೆ. ಉಮ್ಮನಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಅವರು ಬಾಯಲ್ಲಿ ಹೇಳುವುದು, ನಾನು ಹೊಲಿದು ತೋರಿಸುವುದು ಎಂದಾಯಿತು.

ದಂಟಿಗೆ ಸ್ಟೆಮ್ ಸ್ಟಿಚ್. ಎಡದಿಂದ ಬಲಕ್ಕೆ ಹೋಗಬೇಕು. ಒಂದು ಹೊಲಿಗೆ 4 ಮಿಲಿಮೀಟರ್ ಇದ್ದರೆ ಸಾಕು. ಸೂಜಿ ಪ್ರತಿ ಸಲ ಹಿಂದಿನ ಹೊಲಿಗೆಯ ಅರ್ಧದಲ್ಲಿ ಮೇಲೆ ಬರಬೇಕು, ನೂಲು ಯಾವಾಗಲೂ ಗೆರೆಯ ಕೆಳಗಡೆಯೇ ಇರಬೇಕು. ನಡುವೆ ಒಮ್ಮೆ ಮೇಲೆ ಹೋದರೂ ಹಗ್ಗದಂತಹ ಹುರಿ ಅಲ್ಲಿ ಮುರಿದದ್ದು ಕಾಣುತ್ತದೆ. ಬಳ್ಳಿ ತಿರುಗುವಲ್ಲಿ ಹೊಲಿಗೆ ಗಿಡ್ಡ ಮಾಡಬೇಕು.

ಎಲೆಯ ಅಂಚಿಗೆ ದಪ್ಪ ಗೆರೆ ಬೇಕಾದ್ದರಿಂದ ಚೈನ್ ಸ್ಟಿಚ್. ಸೂಜಿ ಮೇಲೆ ಬಂದ ತೂತಿಗೇ ಮತ್ತೆ ಇಳಿದು ಸ್ವಲ್ಪ ಮುಂದೆ ಏಳುತ್ತದೆ, ಆಗ ನೂಲು ಸೂಜಿಯ ತುದಿಯ ಅಡಿಯಲ್ಲಿರಬೇಕು. ಬಿಗಿಯಾಗಿ ಎಳೆದರೆ ಕುಣಿಕೆ ಮುಚ್ಚಿ ಬರೀ ಗೆರೆಯಾಗುತ್ತದೆ. ಕೊನೆಯ ಕುಣಿಕೆಯ ಮೇಲೆ ಒಂದು ಸಣ್ಣ ಹೊಲಿಗೆ ಹಾಕಲೇಬೇಕು, ಇಲ್ಲದಿದ್ದರೆ ಒಂದು ತುದಿಯಿಂದ ಇಡೀ ಸರಪಳಿಯೇ ಬಿಚ್ಚಿಕೊಳ್ಳುತ್ತದೆ.

ಎಸಳು ತುಂಬಿಸಲು ಸ್ಯಾಟಿನ್ ಸ್ಟಿಚ್. ಉಮ್ಮನ ಕವರಿನಲ್ಲಿ ಸಡಿಲವಾದದ್ದು ಇದೇ. ಅಳೆದು ನೋಡಿದರೆ ಅಲ್ಲಿ ಎಸಳಿನ ಅಗಲ 15 ಮಿಲಿಮೀಟರ್. ಅಷ್ಟು ಉದ್ದದ ನೂಲನ್ನು ನಡುವೆ ಹಿಡಿಯುವುದು ಯಾವುದೂ ಇಲ್ಲ, ಉಗುರು, ಬಳೆ ತಾಗಿದರೆ ಸಾಕು ಎದ್ದು ಬಿಡುತ್ತದೆ. ಡಿಪ್ಲೊಮಾದಲ್ಲಿ ಓದಿದ ತೊಲೆಯ ಲೆಕ್ಕ ನೆನಪಾಯಿತು: ಆಸರೆಗಳ ನಡುವಿನ ದೂರ ಹೆಚ್ಚಾದಷ್ಟೂ ಬಳಕುತ್ತದೆ. ಆದ್ದರಿಂದ ಹೊಸದರಲ್ಲಿ ಎಸಳಿನ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದೆವು. ಈಗ ಒಂದು ಹೊಲಿಗೆ 7 ಮಿಲಿಮೀಟರ್ ಚಿಲ್ಲರೆ. ಮೊದಲು ಅಂಚಿನ ಸುತ್ತ ಸಣ್ಣ ಹೊಲಿಗೆ ಹಾಕಿ, ಅದನ್ನು ಮುಚ್ಚುವಂತೆ ತುಂಬಿಸಿದರೆ ಅಂಚು ನೇರ ನಿಲ್ಲುತ್ತದೆ. ಎಸಳಿನ ನಡುಭಾಗದಿಂದ ಶುರುಮಾಡಿದರೆ ಓರೆ ತಪ್ಪುವುದಿಲ್ಲ. ಬಟ್ಟೆ ರಿಂಗಿನಲ್ಲಿ ದಫ್ಫಿನ ಚರ್ಮದಂತೆ ಬಿಗಿಯಾಗಿರಬೇಕು, ಸಡಿಲವಿದ್ದರೆ ಎಸಳು ಸುಕ್ಕುಗಟ್ಟುತ್ತದೆ.

ಹೂವಿನ ನಡುವಿಗೆ ಫ್ರೆಂಚ್ ನಾಟ್. ಸೂಜಿಗೆ ನೂಲು ಎರಡು ಸುತ್ತು ಸುತ್ತಿ, ಎಡಗೈಯಿಂದ ಬಿಗಿಹಿಡಿದು, ಬಂದ ತೂತಿನ ಪಕ್ಕ, ಒಂದೆರಡು ಎಳೆ ಬಿಟ್ಟು ಇಳಿಸಬೇಕು. ಅದೇ ತೂತಿಗೆ ಇಳಿಸಿದರೆ ಗಂಟು ಬಟ್ಟೆಯ ಹಿಂದಕ್ಕೆ ಜಾರಿ ಹೋಗುತ್ತದೆ. ಕೆನ್ನೆ ಇಡುವ ಜಾಗದಲ್ಲಿ ಮಾತ್ರ ಇದು ಬೇಡ, ಚುಚ್ಚುತ್ತದೆ. ಉಮ್ಮ ಬಳ್ಳಿಯನ್ನು ಮೂಲೆಗೆ ಸರಿಸಿದ್ದು ಅದಕ್ಕೇ ಅಂತೆ.

ಹುಡುಗಿ ಇಷ್ಟರಲ್ಲಿ ಎರಡು ಎಸಳು ಮುಗಿಸಿದ್ದಾಳೆ. ಉಮ್ಮ ಅದನ್ನು ಕಣ್ಣಿಂದಲ್ಲ, ಹೆಬ್ಬೆರಳಿನಿಂದ ಸವರಿ ನೋಡಿ, ಎರಡನೆಯದರ ತುದಿ ಬಿಚ್ಚಲು ಹೇಳಿದರು.