ಸ್ನಾನ ಮಾಡಿಸಿಯೇ ಕಳುಹಿಸಿದ್ದೇವೆ

ಮಗಳ ಶಾಲಾ ಡೈರಿಯಲ್ಲಿ ಜೂನ್ ತಿಂಗಳ ಕೊನೆಯ ವಾರ ಒಂದು ಸಾಲಿನ ಟಿಪ್ಪಣಿ ಬಂದಿತು. ಮಗುವಿಗೆ ದಿನವೂ ಸರಿಯಾಗಿ ಸ್ನಾನ ಮಾಡಿಸಿ ಕಳುಹಿಸಬೇಕು ಎಂಬುದು ಅದರ ಸಾರ. ಮೇಲೆ ‘ತಾಯಿಗೆ’ ಎಂದಿತ್ತು; ತಂದೆಯ ಪ್ರಸ್ತಾಪವೇ ಇರಲಿಲ್ಲ. ವರ್ಗವಾಗಿ ಚೆನ್ನೈಗೆ ಬಂದು, ಬೆಸಂಟ್ ನಗರದಲ್ಲಿ ನೆಲೆಸಿ ನಮಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ. ಏಳು ವರ್ಷದ ಆ ಹುಡುಗಿಯ ಮೊಣಕೈಯ ಒಳಮಡಿಕೆ, ಮಂಡಿಯ ಹಿಂಭಾಗ ಮತ್ತು ಕತ್ತು ಒರಟಾಗಿ, ಬೂದಿಬಣ್ಣಕ್ಕೆ ತಿರುಗಿ, ಹೊಟ್ಟಿನಂತೆ ಉದುರುತ್ತಿದ್ದುದು ನಿಜ. ಟೀಚರಿಗೆ ಕೊಳೆಯೆಂದು ತೋರಿದ್ದು ಇಸುಬು. ನಮ್ಮ ಮನೆಯಲ್ಲಿ ಅತ್ಯಂತ ಎಚ್ಚರದಿಂದ ನಡೆಯುತ್ತಿದ್ದ ಕೆಲಸವೆಂದರೆ ಆ ಮಗುವಿನ ಸ್ನಾನವೇ ಆಗಿತ್ತು.

ಅಂದು ರಾತ್ರಿಯೇ ಎರಡು ಪುಟದ ಉತ್ತರ ಬರೆದೆವು. ತಾಯಿಗೆ ಬಂದ ಆಕ್ಷೇಪಕ್ಕೆ ತಾಯಿಯ ಸಹಿಯಲ್ಲಿಯೇ ಉತ್ತರ ಹೋಗಬೇಕೆಂಬ ಹಟ ಬೇರೆ. ಇಂಗ್ಲಿಷ್ ಎಂ.ಎ. ಮಾಡಿದ ಬಿಗುಮಾನವೆಲ್ಲ ಆ ಕಾಗದದಲ್ಲಿತ್ತು. ರೋಗದ ಲ್ಯಾಟಿನ್ ಹೆಸರು, ಅನುವಂಶೀಯತೆ, ಕೊನೆಗೆ ಸ್ವಲ್ಪ ವ್ಯಂಗ್ಯ. ಬೆಳಿಗ್ಗೆ ಮತ್ತೊಮ್ಮೆ ಓದಿದಾಗ, ಇದನ್ನು ಓದಿ ಯಾರು ಏನು ಮಾಡಬೇಕೆಂಬುದೇ ಅದರಲ್ಲಿ ಇಲ್ಲವೆಂದು ಕಂಡಿತು. ಕಚೇರಿಯಲ್ಲಿ ಇಂಥ ಕಡತ ಬಂದರೆ ನಾವೇ ಹಿಂದಕ್ಕೆ ಕಳುಹಿಸುತ್ತಿದ್ದೆವು.

ಹೇಳಬೇಕಾಗಿದ್ದ ಮೊದಲ ಸಂಗತಿ ಸ್ನಾನದ್ದೇ. ಚರ್ಮದ ಮೇಲ್ಪದರವು ಇಟ್ಟಿಗೆಯ ಗೋಡೆಯಂತಿದ್ದರೆ, ಕೋಶಗಳ ನಡುವಿನ ಜಿಡ್ಡು ಅದರ ಗಾರೆ. ಇಸುಬಿನ ಮಕ್ಕಳಲ್ಲಿ ಈ ಗಾರೆ ಸಡಿಲ. ಒಳಗಿನ ತೇವ ಹೊರಟುಹೋಗುತ್ತದೆ, ಹೊರಗಿನ ಉಪದ್ರವಗಳು ಒಳಗೆ ನುಗ್ಗುತ್ತವೆ, ಚರ್ಮ ಕೆರಳಿ ತುರಿಸುತ್ತದೆ. ಕೆರೆದಷ್ಟೂ ಗೋಡೆ ಇನ್ನಷ್ಟು ಬಿರಿಯುತ್ತದೆ. ಸಾಮಾನ್ಯ ಸೋಪು ಉಳಿದ ಜಿಡ್ಡನ್ನೂ ತೊಳೆದುಬಿಡುತ್ತದೆ. ಬಿಸಿನೀರು ತುರಿಕೆಯನ್ನು ಕೆರಳಿಸುತ್ತದೆ. ಆದ್ದರಿಂದ ನಮ್ಮಲ್ಲಿ ರಾತ್ರಿ ಮಲಗುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಸ್ನಾನ. ಸೋಪಿನ ಬದಲು ನೊರೆಬಾರದ ಕ್ಲೆನ್ಸರು. ಟವೆಲಿನಿಂದ ಉಜ್ಜದೆ, ಒತ್ತಿ ಒತ್ತಿ ಒರೆಸಿ, ಮೈ ಇನ್ನೂ ತೇವವಾಗಿರುವಾಗಲೇ, ಅಂದರೆ ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಕ್ರೀಮು. ತಡವಾದರೆ ಮೈಮೇಲಿನ ನೀರು ಆರುವಾಗ ಒಳಗಿನ ತೇವವನ್ನೂ ಕೊಂಡೊಯ್ಯುತ್ತದೆ. ಹೀಗೆ ಮಿಂದ ಮಗು ಮರುದಿನ ಶಾಲೆಗೆ ಹೋಗುವಾಗ ಸೋಪಿನ ಪರಿಮಳವಿಲ್ಲ, ಪೌಡರಿನ ಬಿಳುಪಿಲ್ಲ, ಕಾಲರಿನ ಮೇಲೆ ಕ್ರೀಮಿನ ಜಿಡ್ಡಿನ ಗುರುತು. ಸ್ನಾನವಾಗಿಲ್ಲವೆಂದು ಯಾರಿಗಾದರೂ ತೋರುವುದು ಸಹಜವೇ. ದೀಪಾವಳಿಗೆ ಬಂದಿದ್ದ ಅಜ್ಜಿಗೂ ಹಾಗೆಯೇ ತೋರಿ, ಸೀಗೆಪುಡಿ ಹಾಕಿ ತಿಕ್ಕಿದ್ದರು. ಆ ಪ್ರೀತಿಯ ಅಭ್ಯಂಜನ ಇಳಿಯಲು ಹತ್ತು ದಿನ ಹಿಡಿಯಿತು.

ಎರಡನೆಯದು ಶಾಲೆಯ ಗಂಟೆಗಳದು. ರಾತ್ರಿಯ ಕ್ರೀಮು ಮರುದಿನದ ಮಧ್ಯಾಹ್ನದವರೆಗೆ ಉಳಿಯುವುದಿಲ್ಲ. ಚೆನ್ನೈಯ ಹವೆಯಲ್ಲಿ ಪಿ.ಟಿ. ಪೀರಿಯಡ್ ಮುಗಿಯುವಷ್ಟರಲ್ಲಿ ಬೆವರಿನ ಉಪ್ಪು ಒಡೆದ ಚರ್ಮವನ್ನು ಚುರುಗುಟ್ಟಿಸುತ್ತದೆ. ಆಗ ಬರಿಯ ತಣ್ಣೀರಿನಿಂದ ಕತ್ತು, ಕೈ, ಕಾಲು ತೊಳೆದು, ಒತ್ತಿ ಒರೆಸಿ, ಕ್ರೀಮು ಹಚ್ಚಬೇಕು. ಶಾಲೆಯ ನಿಯಮವಾದರೋ, ತರಗತಿಯೊಳಗೆ ಯಾವ ಔಷಧವನ್ನೂ ತರುವಂತಿಲ್ಲ. ನಿಯಮ ತಪ್ಪೆಂದು ನಾವು ಹೇಳೆವು, ಏಕೆಂದರೆ ಅದರ ಅಗತ್ಯವನ್ನು ತೋರಿಸಿಕೊಟ್ಟವರು ನಾವೇ. ಹಿಂದಿನ ವರ್ಷ ಒಮ್ಮೆ ಬೆಳಗಿನ ಅವಸರದಲ್ಲಿ ಮಾಯಿಶ್ಚರೈಸರಿನ ಬದಲು ಮನೆಯಲ್ಲಿ ಮಾತ್ರ ಬಳಸುವ ಸ್ಟೆರಾಯ್ಡ್ ಮುಲಾಮಿನ ಟ್ಯೂಬನ್ನು ಚೀಲಕ್ಕೆ ಹಾಕಿದ್ದೆವು. ಎರಡೂ ಬಿಳಿಯ ಟ್ಯೂಬುಗಳೇ. ಮಗು ಅದನ್ನು ಮುಖಕ್ಕೆಲ್ಲ ಬಳಿದುಕೊಂಡು ಬಂದಿತು. ಒಂದು ದಿನದಿಂದ ಕೇಡಿಲ್ಲವೆಂದು ಡಾಕ್ಟರು ಸಮಾಧಾನ ಹೇಳಿದರು; ಆದರೆ ಅದೇ ಮುಲಾಮನ್ನು ವಾರಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಮುಲಾಮು ಕೆರಳಿದ ಜಾಗಕ್ಕೆ, ಡಾಕ್ಟರು ಹೇಳಿದಷ್ಟು ದಿನ, ಬೆರಳತುದಿಯ ಲೆಕ್ಕದಲ್ಲಿ. ಮಾಯಿಶ್ಚರೈಸರ್ ಎಲ್ಲೆಡೆ, ಎಲ್ಲ ದಿನ, ಧಾರಾಳವಾಗಿ. ಶಾಲೆಗೆ ಹೋಗಬೇಕಾದದ್ದು ಎರಡನೆಯದು ಮಾತ್ರ.

ಕೊನೆಗೆ ಹೋದ ಕಾಗದ ಅರ್ಧ ಪುಟದ್ದು. ಅದರ ಕನ್ನಡ ರೂಪ ಸರಿಸುಮಾರು ಹೀಗೆ:

“ಮಾನ್ಯರೆ, ನಮ್ಮ ಮಗಳಿಗೆ ಇಸುಬು ಇದೆ. ಇದು ಅಂಟುರೋಗವಲ್ಲ, ಅವಳ ಪಕ್ಕದಲ್ಲಿ ಕೂರುವುದರಿಂದ, ಕೈಹಿಡಿದು ಆಡುವುದರಿಂದ ಯಾರಿಗೂ ಬರುವುದಿಲ್ಲ. ಅವಳಿಗೆ ದಿನವೂ ರಾತ್ರಿ, ಡಾಕ್ಟರು ಹೇಳಿದಂತೆ ಸೋಪಿಲ್ಲದೆ, ಸ್ನಾನವಾಗುತ್ತದೆ. ಚೀಲದಲ್ಲಿ ಅವಳ ಹೆಸರು ಬರೆದ ಒಂದು ಪಂಪು ಬಾಟಲಿ ಇದೆ. ಅದು ಮಾಯಿಶ್ಚರೈಸರ್ ಮಾತ್ರ, ಸ್ಟೆರಾಯ್ಡ್ ಅಲ್ಲ. ಡಾಕ್ಟರ ಚೀಟಿ ಲಗತ್ತಿಸಿದೆ. ಊಟದ ವೇಳೆ ಮತ್ತು ಪಿ.ಟಿ.ಯ ನಂತರ, ಕೈ ತೊಳೆದುಕೊಂಡು, ಮೊಣಕೈ, ಮಂಡಿಯ ಹಿಂಭಾಗ, ಕತ್ತಿಗೆ ರೋಮದ ದಿಕ್ಕಿನಲ್ಲಿ ಸವರಲು ಅವಳಿಗೂ, ನೆರವಾಗಲು ಆಯಾ ಅವರಿಗೂ ಅನುಮತಿ ಕೊಡುತ್ತೇವೆ. ದಯವಿಟ್ಟು ಪೌಡರು, ಕ್ರಿಮಿನಾಶಕ ಸೋಪು ಬೇಡ. ಹಳದಿ ಹಕ್ಕಳೆ, ರಸಿಕೆ, ಗುಳ್ಳೆ ಅಥವಾ ಜ್ವರ ಕಂಡರೆ ಕ್ರೀಮು ಹಚ್ಚದೆ ನಮಗೆ ಫೋನ್ ಮಾಡಿ. ಅಂದೇ ಡಾಕ್ಟರಿಗೆ ತೋರಿಸಬೇಕಾಗುತ್ತದೆ. ‘ಕೆರೆಯಬೇಡ’ ಎಂದು ಗದರುವ ಬದಲು ಅವಳ ಕೈಗೆ ಏನಾದರೂ ಕೆಲಸ ಕೊಡಿ.”

ಅನುಮತಿ ಮರುದಿನವೇ ಸಿಕ್ಕಿತು. ಟೀಚರು ಡೈರಿಯಲ್ಲಿ ಕ್ಷಮೆಯನ್ನೂ ಕೇಳಿದ್ದರು. ನಾವು ಗೆದ್ದೆವೆಂದುಕೊಂಡೆವು.

ಆದರೆ ಬಾಟಲಿಗೆ ಅದರದೇ ಲೆಕ್ಕವಿರುತ್ತದೆ. ಇಡೀ ಮೈಗೆ ಹಚ್ಚುವ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ; ಮೊದಲ ಸಲ ಓದಿದಾಗ ಅಚ್ಚಿನ ತಪ್ಪೆಂದೇ ಭಾವಿಸಿದ್ದೆವು. ಶಾಲೆಯಲ್ಲಿ ಹಚ್ಚುವುದು ಐದು ಜಾಗಕ್ಕೆ ಮಾತ್ರ. ನಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು ಆರು ಮಿಲಿಲೀಟರ್. 100 ಮಿಲಿಲೀಟರಿನ ಬಾಟಲಿ ಹದಿನಾರು ಹದಿನೇಳು ಶಾಲಾದಿನಗಳಲ್ಲಿ ಮುಗಿಯಬೇಕು. ತಿಂಗಳ ಕೊನೆಗೆ ಅದು ಮುಕ್ಕಾಲು ತುಂಬಿಯೇ ಮನೆಗೆ ಬಂದಿತು.

ಅರ್ಧ ದಿನದ ರಜೆ ಹಾಕಿ ಶಾಲೆಗೆ ಹೋದೆವು. ಊಟದ ಹೊತ್ತು, ನಲವತ್ತು ಮಕ್ಕಳ ಗದ್ದಲದಲ್ಲಿ ಟೀಚರಿಗೆ ತಲೆಯೆತ್ತಲು ಬಿಡುವಿಲ್ಲ. ಕ್ರೀಮಿನ ಕೆಲಸ ಆಯಾ ಅವರ ಪಾಲಿಗೆ ಬಂದಿತ್ತು. ಅವರಿಗೆ ಇಂಗ್ಲಿಷ್ ಬಾರದು. ನಮ್ಮ ಕಾಗದ ಆಫೀಸಿನ ಕಡತದಲ್ಲಿ ಭದ್ರವಾಗಿತ್ತು. ಆಕೆ ಮಗುವಿನ ಕೈಗೆ ಒಂದು ಬೊಟ್ಟು ಹಾಕಿ, ತಾವು ಮುಟ್ಟದೆ ದೂರ ನಿಲ್ಲುತ್ತಿದ್ದರು. ನಾವು ನಮ್ಮ ಹರಕು ತಮಿಳಿನಲ್ಲಿ “ಅಕ್ಕಾ” ಎಂದು ಮಾತು ತೆಗೆದಾಗ, ಸಂಕೋಚದಿಂದ ಅವರು ಕೇಳಿದ್ದು ಒಂದೇ: ಇದು ‘ಒಟ್ಟುವಾರೊಟ್ಟಿ’ ಅಲ್ಲವೇ? ಅಂದರೆ ಅಂಟುಜಾಡ್ಯ. ಅವರ ಮನೆಯಲ್ಲಿ ಆರು ತಿಂಗಳ ಮೊಮ್ಮಗು ಇತ್ತು.

ಆ ಭಯಕ್ಕೆ ನಮ್ಮಲ್ಲಿ ವ್ಯಂಗ್ಯವಿರಲಿಲ್ಲ. ಸಂಜೆ ಕಚೇರಿಯ ತಮಿಳು ಸಹೋದ್ಯೋಗಿಯ ಬಳಿ ಕುಳಿತು ಕಾಗದವನ್ನು ಮತ್ತೆ ಬರೆಸಿದೆವು. ರೋಗದ ಹೆಸರಿನ ಬಳಿ ಆತ ಪೆನ್ನು ನಿಲ್ಲಿಸಿದರು. ತಮಿಳಿನಲ್ಲಿ ಇಸುಬಿಗೆ ‘ಕರಪ್ಪಾನ್’ ಎನ್ನುತ್ತಾರೆ. ಆದರೆ ಜಿರಳೆಯೂ ಕರಪ್ಪಾನೇ. ಆ ಮಾತು ಎರಡನೆಯ ತರಗತಿಯ ಮಕ್ಕಳ ಕಿವಿಗೆ ಬಿದ್ದರೆ ನಮ್ಮ ಹುಡುಗಿಗೆ ವರ್ಷವಿಡೀ ಅದೇ ಹೆಸರು. ಆದ್ದರಿಂದ ‘ಚರ್ಮ ಬೇಗ ಒಣಗುತ್ತದೆ, ಇದು ಯಾರಿಗೂ ಅಂಟದು’ ಎಂದಷ್ಟೇ ದಪ್ಪ ಅಕ್ಷರದಲ್ಲಿ ಬರೆದರು. ಐದು ಜಾಗಗಳನ್ನು ತೋರಿಸಲು ನಾವು ಒಂದು ಹುಡುಗಿಯ ಚಿತ್ರ ಬಿಡಿಸಿದೆವು. ಮಗಳು ಅದಕ್ಕೆ ಎರಡು ಜಡೆ ಸೇರಿಸಿದಳು. ಮರುದಿನ ಊಟದ ಹೊತ್ತಿಗೆ ಹೋಗಿ, ಆಯಾ ಅವರ ಎದುರಿಗೇ ಕ್ರೀಮು ಹಚ್ಚಿ, ಅದೇ ಕೈಯನ್ನು ನಮ್ಮ ಕೆನ್ನೆಗೆ ಒರೆಸಿಕೊಂಡೆವು.

ಆಗಸ್ಟಿನ ಮೂರನೆಯ ವಾರ ಡೈರಿಯಲ್ಲಿ ಇನ್ನೊಂದು ಟಿಪ್ಪಣಿ ಇತ್ತು. ಬಾಟಲಿ ಖಾಲಿಯಾಗಿದೆ, ಆಯಾ ಇನ್ನೊಂದು ಕೇಳುತ್ತಿದ್ದಾರೆ, ನಾಳೆ ತಪ್ಪದೆ ಕಳುಹಿಸಿರಿ.