ವಿಳಂಬಕ್ಕೆ ಮೂರು ಮಾತು

ಭಾಷಾಂತರವೆಂದೊಡನೆ ನಮ್ಮ ನೆನಪಿಗೆ ಬರುವುದು ಕಾವ್ಯ, ನಾಟಕ, ಕಾದಂಬರಿಗಳು. ಒಂದು ಭಾಷೆಯ ರಸವನ್ನು ಇನ್ನೊಂದು ಭಾಷೆಯ ಪಾತ್ರೆಗೆ ಚೆಲ್ಲದಂತೆ ಸುರಿಯುವುದು ಕಷ್ಟವೆಂಬುದನ್ನು ಎಲ್ಲರೂ ಬಲ್ಲರು. ಆದರೆ ರಸದ ಸುಳಿವೇ ಇಲ್ಲದ ಒಂದು ಪುಟದ ದೂರುಪತ್ರವೂ ಭಾಷಾಂತರಕಾರನ ಬೆವರಿಳಿಸಬಲ್ಲುದು. ಅಂತಹ ಪತ್ರವೊಂದು ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಬಗೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

2019ರ ಬೇಸಗೆಯಲ್ಲಿ ಪ್ಯಾರಿಸ್ಸಿನಲ್ಲಿರುವ ಮಗಳ ಮನೆಯಲ್ಲಿ ನಾನು ಕೆಲವು ವಾರ ತಂಗಿದ್ದೆ. ಭಾಷಾಂತರವೇ ಅವಳ ಉದ್ಯೋಗ. ನೆರೆಮನೆಯ ವೃದ್ಧೆಯೊಬ್ಬರು ಜೂನ್ 12ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೊರಟಾಗ ಅವರ ವಿಮಾನ ಬಹಳ ತಡವಾಯಿತು. ಅವರು ವಿಮಾನಸಂಸ್ಥೆಗೆ ಫ್ರೆಂಚಿನಲ್ಲಿ ದೂರು ಬರೆದರು. ಸಂಸ್ಥೆಯ ದೂರು ವಿಭಾಗವು ಇಂಗ್ಲಿಷ್ ಪತ್ರಗಳನ್ನು ಮಾತ್ರ ಸ್ವೀಕರಿಸುತ್ತಿದ್ದುದರಿಂದ ಪತ್ರವು ನನ್ನ ಮಗಳ ಮೇಜಿಗೆ ಬಂದಿತು. ಆಕೆ ನಿವೃತ್ತಿವೇತನದಲ್ಲಿ ಬದುಕುವವರು. ದೊರೆಯಬೇಕಾದ ಹಣ ಅವರಿಗೆ ಸಣ್ಣದಾಗಿರಲಿಲ್ಲ.

ಆ ಹಣ ಏಕೆ ದೊರೆಯಬೇಕು ಎಂಬುದನ್ನು ಮೊದಲು ತಿಳಿಯೋಣ. ಯೂರೋಪಿನ ಒಕ್ಕೂಟವು 2004ರಲ್ಲಿ ವಿಮಾನಪ್ರಯಾಣಿಕರ ಹಕ್ಕುಗಳ ಬಗ್ಗೆ ಒಂದು ನಿಯಮಾವಳಿಯನ್ನು ಮಾಡಿತು. ಗಮ್ಯಸ್ಥಾನವನ್ನು ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲಪಿದವರಿಗೂ ಪರಿಹಾರ ಸಲ್ಲಬೇಕೆಂದು 2009ರಲ್ಲಿ ಒಕ್ಕೂಟದ ನ್ಯಾಯಾಲಯವು ತೀರ್ಪಿತ್ತಿತು. ಸಂಸ್ಥೆಯ ಕೈಮೀರಿದ ಅಸಾಧಾರಣ ಕಾರಣವಿದ್ದರೆ ಮಾತ್ರ ಪರಿಹಾರವಿಲ್ಲ. ಆ ವೃದ್ಧೆ ಹೋದದ್ದು 1,500 ಕಿಲೋಮೀಟರಿಗಿಂತ ಕಡಿಮೆ ದೂರ. ಅಷ್ಟು ದೂರಕ್ಕೆ ಆಗ ನಿಗದಿಯಾಗಿದ್ದ ಮೊತ್ತ 250 ಯೂರೊ.

ವಿಮಾನವು ಎಡಿನ್‌ಬರೋ ತಲಪಬೇಕಾಗಿದ್ದ ಹೊತ್ತು ಸಂಜೆ 5 ಗಂಟೆ 20 ನಿಮಿಷ. ಪತ್ರದಲ್ಲಿ ಎರಡು ಹೊತ್ತುಗಳನ್ನು ಬರೆದಿತ್ತು: ವಿಮಾನ ನೆಲ ಮುಟ್ಟಿದ್ದು 8 ಗಂಟೆ 14 ನಿಮಿಷಕ್ಕೆ, ಅದರ ಬಾಗಿಲು ತೆರೆದದ್ದು 8 ಗಂಟೆ 23 ನಿಮಿಷಕ್ಕೆ. ಮೊದಲನೆಯದನ್ನು ಹಿಡಿದರೆ ವಿಳಂಬವು 2 ಗಂಟೆ 54 ನಿಮಿಷ, ಎರಡನೆಯದನ್ನು ಹಿಡಿದರೆ 3 ಗಂಟೆ 3 ನಿಮಿಷ. “ಎರಡನ್ನೂ ಸೇರಿಸಿ, ತಲಪಿತು ಎಂದು ಒಂದೇ ಮಾತಿನಲ್ಲಿ ಬರೆದರಾಗದೆ?” ಎಂದು ನಾನು ಕೇಳಿದೆ. “ಆಗದು ಅಪ್ಪ. ಕನಿಷ್ಠ ಒಂದು ಬಾಗಿಲಾದರೂ ತೆರೆದು, ಪ್ರಯಾಣಿಕರು ಇಳಿಯಬಹುದಾದಾಗಲೇ ವಿಮಾನ ತಲಪಿದಂತೆ ಎಂದು 2014ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಇವರ ಹಕ್ಕೆಲ್ಲ ಆ ಒಂಬತ್ತು ನಿಮಿಷಗಳ ಮೇಲೆಯೇ ನಿಂತಿದೆ” ಎಂದಳು. ನೆಲ ಮುಟ್ಟಿದ್ದು ಬೇರೆಯಾಗಿಯೇ, ಬಾಗಿಲು ತೆರೆದದ್ದು ಬೇರೆಯಾಗಿಯೇ ಇಂಗ್ಲಿಷಿನಲ್ಲಿ ಉಳಿದವು.

ಇನ್ನು ಪತ್ರದ ಮಾತುಗಳು. ವಿಳಂಬವೆಂಬ ಅರ್ಥದ ಸುತ್ತ ಮೂರು ಫ್ರೆಂಚ್ ಶಬ್ದಗಳು ಅದರಲ್ಲಿ ಸುಳಿದಾಡುತ್ತಿದ್ದವು.

ಮೊದಲನೆಯದು ‘ರತಾರ್’. ವಿಮಾನ ತಡವಾಯಿತೆನ್ನಲು ಫ್ರೆಂಚರು ಬಳಸುವುದು ಇದನ್ನೇ. ಇಂಗ್ಲಿಷಿನಲ್ಲಿ ಇದಕ್ಕೆ ‘ಡಿಲೇ’ ಎಂದರೆ ಸಾಕು, ತೊಡಕಿಲ್ಲ.

ಎರಡನೆಯದು ‘ದೆಲೇ’. ಕಿವಿಗೆ ಇದು ಇಂಗ್ಲಿಷಿನ ‘ಡಿಲೇ’ ಎಂಬಂತೆಯೇ ಕೇಳಿಸುತ್ತದೆ. ಎರಡರ ಮೂಲವೂ ಹಳೆಯ ಫ್ರೆಂಚಿನಲ್ಲಿ ಒಂದೇ. ಆದರೆ ಇಂದಿನ ಫ್ರೆಂಚ್ ಪತ್ರಗಳಲ್ಲಿ ದೆಲೇ ಎಂದರೆ ವಿಳಂಬವಲ್ಲ, ಒಂದು ಕೆಲಸಕ್ಕೆ ಕೊಟ್ಟ ಗಡುವು. ಹಿಂದಿಯ ‘ಶಿಕ್ಷಾ’ ವಿದ್ಯಾಭ್ಯಾಸವಾದರೆ ಕನ್ನಡದ ‘ಶಿಕ್ಷೆ’ ದಂಡನೆಯಲ್ಲವೆ? ಇದೂ ಹಾಗೆಯೇ. ವೃದ್ಧೆಯು ಹದಿನೈದು ದಿನಗಳ ದೆಲೇಯೊಳಗೆ ಹಣ ಕೊಡಬೇಕೆಂದು ಬರೆದಿದ್ದರು. ರೂಪಸಾಮ್ಯಕ್ಕೆ ಮರುಳಾಗಿ ಅಲ್ಲಿ ‘ಡಿಲೇ’ ಎಂದು ಬರೆದಿದ್ದರೆ, ಹದಿನೈದು ದಿನ ತಡಮಾಡಿ ಕೊಡಿ ಎಂದು ದೂರುಗಾರಳೇ ಸಮ್ಮತಿಸಿದಂತೆ ಆಗುತ್ತಿತ್ತು!

ಆ ಹದಿನೈದು ದಿನಗಳಲ್ಲಿಯೂ ಒಂದು ಸೂಕ್ಷ್ಮವುಂಟು. ಎರಡು ವಾರಗಳಿಗೆ ನಾವು ಹದಿನೈದು ದಿನವೆನ್ನುವಂತೆಯೇ ಫ್ರೆಂಚರೂ ಎನ್ನುತ್ತಾರೆ. ಈ ಸೋಮವಾರವನ್ನೂ ಸೇರಿಸಿಕೊಂಡು ಮೂರನೆಯ ಸೋಮವಾರದವರೆಗೆ ಎಣಿಸುವ ಲೆಕ್ಕ ಅದು. ಇಂಗ್ಲಿಷರಿಗೆ ಎರಡು ವಾರವೆಂದರೆ ಹದಿನಾಲ್ಕು ದಿನ. ಪತ್ರದ ತಾರೀಖು ಜುಲೈ 1, ಸೋಮವಾರ. ಮಗಳು ತಾನಾಗಿ ಏನನ್ನೂ ಊಹಿಸದೆ ನೆರೆಮನೆಗೆ ಹೋಗಿ ಕೇಳಿ ಬಂದು, ಗಡುವನ್ನು ‘ಜುಲೈ 15ರೊಳಗೆ’ ಎಂದು ತಾರೀಖಿನಿಂದಲೇ ಸೂಚಿಸಿದಳು.

ಮೂರನೆಯದು ‘ದೆಮೋರ್’. ಸಾಮಾನ್ಯ ಬಳಕೆಯಲ್ಲಿ ಇದರ ಅರ್ಥ ಮನೆ, ವಾಸಸ್ಥಾನ. ‘ನಿಮ್ಮನ್ನು ದೆಮೋರಿನಲ್ಲಿ ಇಡುತ್ತೇನೆ’ ಎಂದು ವೃದ್ಧೆ ಬರೆದಿದ್ದರು. ವಿಮಾನಸಂಸ್ಥೆಯನ್ನು ಮನೆಯಲ್ಲಿಡುವುದೆಂದರೇನು? ತಡಮಾಡು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿದ ಶಬ್ದವಿದು. ನಿಂತಲ್ಲೇ ನಿಲ್ಲುವವನು ತಡಮಾಡುತ್ತಾನೆ. ನಿಂತ ಸ್ಥಳವೇ ಮನೆಯಾಗುತ್ತದೆ. ಮಾತಿನ ಹಳೆಯ ಅರ್ಥ ಕಾನೂನಿನಲ್ಲಿ ಹಾಗೆಯೇ ಉಳಿದುಕೊಂಡಿದೆ. ‘ಸಲ್ಲಿಸಬೇಕಾದುದನ್ನು ಸಲ್ಲಿಸದೆ ತಡಮಾಡಿದ್ದೀರಿ ಎಂದು ಈ ಮೂಲಕ ವಿಧಿವತ್ತಾಗಿ ತಿಳಿಸುತ್ತೇನೆ’ ಎಂಬುದು ಅದರ ತಾತ್ಪರ್ಯ. ಫ್ರಾನ್ಸಿನ ಕಾನೂನಿನಂತೆ ಇಂತಹ ಸೂಚನೆಯು ಮುಟ್ಟಿದ ಮೇಲೆ ಬಾಕಿ ಹಣಕ್ಕೆ ಬಡ್ಡಿ ಏರತೊಡಗುತ್ತದೆ. ಬರಿದೆ ‘ವಿನಂತಿಸುತ್ತೇನೆ’ ಎಂದರೆ ಮಾತು ಹಲ್ಲು ಕಳೆದುಕೊಳ್ಳುತ್ತದೆ; ‘ಬೆದರಿಸುತ್ತೇನೆ’ ಎಂದರೆ ಇಲ್ಲದ ಉಗುರು ಬೆಳೆಯುತ್ತದೆ. ಮಗಳು ಇಂಗ್ಲಿಷಿನಲ್ಲಿ ‘ಫಾರ್ಮಲ್ ನೋಟಿಸ್’ ಎಂದು ಬರೆದಳು.

ಹೀಗೆ ವಿಳಂಬದಂತೆ ಕಾಣುವ ಮಾತು ಗಡುವಾಗಿತ್ತು. ಮನೆಯಂತೆ ಕಾಣುವ ಮಾತು ವಿಳಂಬವನ್ನು ಒಡಲಲ್ಲಿ ಇಟ್ಟುಕೊಂಡಿತ್ತು.

ವೃದ್ಧೆಯ ಬೇಡಿಕೆಗಳು ಎರಡು. ಒಂದು, 250 ಯೂರೊ ಪರಿಹಾರ. ಇನ್ನೊಂದು, ಕಾಯುವಾಗ ತಿಂಡಿಗೆ ಕೈಯಿಂದ ಕೊಟ್ಟ ಹಣ. ಎರಡು ಗಂಟೆಗಿಂತ ಹೆಚ್ಚು ಕಾಯಿಸಿದ್ದರಿಂದ ತಿಂಡಿಯನ್ನು ಸಂಸ್ಥೆಯೇ ಒದಗಿಸಬೇಕಾಗಿತ್ತು. ಫ್ರೆಂಚಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಶಬ್ದಗಳಿದ್ದವು. ಎರಡನ್ನೂ ‘ರೀಫಂಡ್’ ಎಂದು ಒಂದೇ ಗಂಟಿನಲ್ಲಿ ಕಟ್ಟಿದರೆ, ಓದುವ ಗುಮಾಸ್ತ ಟಿಕೆಟ್ಟಿನ ಹಣವನ್ನು ಹಿಂದಕ್ಕೆ ಕೇಳುತ್ತಿದ್ದಾರೆಂದು ತಿಳಿದು, ‘ನೀವು ಪ್ರಯಾಣ ಮಾಡಿದ್ದೀರಿ, ಟಿಕೆಟ್ಟಿನ ಹಣ ಮರಳದು’ ಎಂದು ಉತ್ತರಿಸಬಹುದು. ಆದುದರಿಂದ ಒಂದು ‘ಕಾಂಪನ್ಸೇಷನ್’ ಆಯಿತು, ಇನ್ನೊಂದು ‘ರೀಇಂಬರ್ಸ್‌ಮೆಂಟ್’ ಆಯಿತು. ತಿಂಡಿಯ ಲೆಕ್ಕವನ್ನು ಫ್ರೆಂಚ್ ಪದ್ಧತಿಯಂತೆ 18,40 ಎಂದು ಬರೆದಿತ್ತು. ಫ್ರೆಂಚರಿಗೆ ದಶಾಂಶದ ಗುರುತು ಅಲ್ಪವಿರಾಮ. ಅವಸರದ ಕಣ್ಣು ಅದನ್ನು ಸಾವಿರದ ಲೆಕ್ಕಕ್ಕೆ ಒಯ್ಯಬಾರದೆಂದು ಮಗಳು ಅಲ್ಲಿ ಬಿಂದುವನ್ನಿಟ್ಟಳು.

ಪತ್ರದ ಕೊನೆಯ ವಾಕ್ಯ ನನಗೆ ನಗೆ ತಂದಿತು. ಅಷ್ಟು ಕಠಿಣವಾಗಿ ಬರೆದ ಮೇಲೆ ಆಕೆ, ‘ಅಮ್ಮಾ, ಅಯ್ಯಾ, ನನ್ನ ವಿಶಿಷ್ಟ ವಂದನೆಗಳ ಅಭಿವ್ಯಕ್ತಿಯನ್ನು ಅಂಗೀಕರಿಸಬೇಕೆಂದು ಪ್ರಾರ್ಥಿಸುತ್ತೇನೆ’ ಎಂದು ಮುಗಿಸಿದ್ದರು. ಇದು ಅಕ್ಕರೆಯೂ ಅಲ್ಲ, ವ್ಯಂಗ್ಯವೂ ಅಲ್ಲ. ಅಪರಿಚಿತರಿಗೆ ಬರೆಯುವ ಫ್ರೆಂಚ್ ಪತ್ರದ ವಾಡಿಕೆಯ ಮುಕ್ತಾಯ. ಮಾತಿಗೆ ಮಾತು ಇಟ್ಟಿದ್ದರೆ ಇಂಗ್ಲಿಷ್ ಓದುಗ ಅಣಕವೆಂದು ಭಾವಿಸುತ್ತಿದ್ದ. ಅದೆಲ್ಲವೂ ‘ಯುವರ್ಸ್ ಫೇತ್‌ಫುಲಿ’ ಎಂಬ ಎರಡು ಮಾತುಗಳಲ್ಲಿ ಅಡಗಿತು. ವಾಡಿಕೆಗೆ ವಾಡಿಕೆಯೇ ಸರಿಯಾದ ಭಾಷಾಂತರ.

ಮಗಳು ಮೂಲಪತ್ರವನ್ನೂ ಜೊತೆಗಿಟ್ಟು, ‘ಇದು ಫ್ರೆಂಚಿನಿಂದ ಮಾಡಿದ ಅನುವಾದ’ ಎಂದು ಕೆಳಗೆ ಬರೆದಳು. ಸಂದೇಹ ಬಂದರೆ ಮೂಲವೇ ಪ್ರಮಾಣವಾಗಲಿ ಎಂಬುದು ಅವಳ ಉದ್ದೇಶ. ಜುಲೈ 12ರಂದು ಸಂಸ್ಥೆಯ ಉತ್ತರ ಬಂದಿತು. ಬಾಗಿಲು ತೆರೆದ ಹೊತ್ತನ್ನು ಅವರು ಒಪ್ಪಿಕೊಂಡಿದ್ದರು. ಕೊಡಲು ಸಮ್ಮತಿಸಿದ ಮೊತ್ತ 268 ಯೂರೊ 40 ಸೆಂಟು.