ಮೇಷ್ಟ್ರ ಒಂದು ಅಂಕ

ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಫೋನಿಗೊಂದು ರಸಪ್ರಶ್ನೆ ತಯಾರಿಸಿದಳು. ಒಂದು ಪುಟದಲ್ಲಿ ಪ್ರಶ್ನೆ. ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಮುಂದಿನ ಪುಟದಲ್ಲಿ ಉತ್ತರ. ಮುಖಪುಟ 1, ಪ್ರಶ್ನೆ 5, ಉತ್ತರ 5, ಕೊನೆಗೆ ಅಂಕದ ಪುಟ 1. ವಿಷಯ, ನಮ್ಮ ಪಶ್ಚಿಮ ಬೆಂಗಳೂರು.

ರಾಜಾಜಿನಗರದ ಪಾರ್ಕಿನಲ್ಲಿ ಅದನ್ನು ನಿವೃತ್ತ ಮೇಷ್ಟ್ರೊಬ್ಬರಿಗೆ ತೋರಿಸಿದೆ. ಅವರು ಹುಟ್ಟಿ ಬೆಳೆದದ್ದು ಕೆಂಗೇರಿಯಲ್ಲಿ. ನಾಲ್ಕನೇ ಪ್ರಶ್ನೆ ಹೀಗಿತ್ತು: 'ವೃಷಭಾವತಿ ಯಾವ ನದಿಯನ್ನು ಸೇರುತ್ತದೆ?' ಅರ್ಕಾವತಿ, ಕಾವೇರಿ, ತುಂಗಭದ್ರಾ, ಶರಾವತಿ ಎಂದು ನಾಲ್ಕು ಆಯ್ಕೆ. "ಕಾವೇರಿ" ಎಂದರು ಮೇಷ್ಟ್ರು. ಸರಿಸಿದರೆ 'ಅರ್ಕಾವತಿ' ಎಂದು ಬಂತು. ಕೊನೆಗೆ ಅವರಿಗೆ ಬಂದದ್ದು 2 ಅಂಕ. ಅಂಕದ ಪುಟ ಹೇಳಿತು: '0ರಿಂದ 2: ಮತ್ತೆ ಒಂದನೇ ಕ್ಲಾಸಿಗೆ ಹೋಗಿ!'

ಮೇಷ್ಟ್ರು ನಕ್ಕರು. ಆದರೆ ಕನ್ನಡಕ ಮಡಚಿ, ಆ ದಿನ ಬೇಗ ಎದ್ದು ಹೋದರು.

ಮನೆಗೆ ಬಂದು ಹೇಳಿದೆ. "ಉತ್ತರ ಸರಿಯಾಗೇ ಇದೆಯಲ್ಲ ತಾತ?" ಎಂದಳು. ಉತ್ತರ ಸರಿ, ಪ್ರಶ್ನೆ ಸರಿಯಿಲ್ಲ. ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕೆಂಗೇರಿಯ ನೀರು ಕೊನೆಗೆ ಮುಟ್ಟುವುದು ಕಾವೇರಿಯನ್ನೇ! ಹೆಚ್ಚು ತಿಳಿದವರೇ ತಪ್ಪಿ ಬೀಳುವಂಥ ಪ್ರಶ್ನೆ ಅದು.

ಅವಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳು. ಆಮೇಲೆ 'ನೇರವಾಗಿ ಯಾವ ನದಿಯನ್ನು' ಎಂದು ತಿದ್ದಿದಳು. ಉತ್ತರದ ಪುಟದಲ್ಲಿ ಪ್ರಶ್ನೆಯನ್ನು ಮತ್ತೆ ಬರೆದು, ಕಾವೇರಿ ಯಾಕಲ್ಲ ಎಂಬುದಕ್ಕೂ ಒಂದು ಸಾಲು ಸೇರಿಸಿದಳು. ನನ್ನ ವಯಸ್ಸಿನವರಿಗೆ ಪುಟ ಸರಿಸುವಷ್ಟರಲ್ಲಿ ಪ್ರಶ್ನೆಯೇ ಮರೆತಿರುತ್ತದೆ, ನೋಡಿ. ರಾಜಾಜಿನಗರ ಯಾರ ಹೆಸರಿನದು ಎಂಬ ಪ್ರಶ್ನೆಗೆ 'ರಾಜಾಜಿ', 'ಸಿ. ರಾಜಗೋಪಾಲಾಚಾರಿ' ಎರಡನ್ನೂ ಆಯ್ಕೆಯಾಗಿ ಕೊಟ್ಟಿದ್ದಳು. ಇಬ್ಬರೂ ಒಬ್ಬರೇ! ಅದನ್ನು ತಾನೇ ಕಂಡುಹಿಡಿದು ನಾಲಿಗೆ ಕಚ್ಚಿಕೊಂಡಳು.

ಅಷ್ಟರಲ್ಲಿ ಅವಳ ಅಜ್ಜಿ, ಪ್ರಶ್ನೆಯನ್ನೇ ಓದದೆ, ಪ್ರತಿ ಸಲವೂ ಎಲ್ಲಕ್ಕಿಂತ ಉದ್ದದ ಆಯ್ಕೆಯನ್ನು ಹೇಳಿ 3 ಅಂಕ ಗಳಿಸಿದಳು. ಸರಿಯುತ್ತರಗಳನ್ನೇ ಮೊಮ್ಮಗಳು ವಿವರವಾಗಿ ಬರೆದಿದ್ದಳಲ್ಲ! ಆಯ್ಕೆಗಳನ್ನೆಲ್ಲ ಒಂದೇ ಅಳತೆಗೆ ತರಲು ಅರ್ಧ ದಿನ ಹಿಡಿಯಿತು.

ಇನ್ನು ಅಂಕದ ಪುಟ. ನಾಲ್ಕು ಆಯ್ಕೆಯ ಐದು ಪ್ರಶ್ನೆಗೆ ಕಣ್ಣು ಮುಚ್ಚಿ ಹೇಳಿದರೂ ಸರಾಸರಿ ಒಂದಾದರೂ ಸರಿ ಬೀಳುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದೆ. ಹಾಗಾಗಿ 1ಕ್ಕೆ ಹೊಗಳಿಕೆ ಬೇಡ, ಬೈಗುಳವೂ ಬೇಡ. '0ರಿಂದ 2: ಉತ್ತರದ ಪುಟಗಳನ್ನು ಇನ್ನೊಮ್ಮೆ ನೋಡಿ' ಎಂದು ಬರೆದಳು. ಅಂಕ ಎಣಿಸುವುದು ಫೋನಲ್ಲ, ಆಡುವವರೇ. ಅದಕ್ಕೆ ಮುಖಪುಟದಲ್ಲೇ 'ಸರಿಯಾದಾಗಲೆಲ್ಲ ಒಂದು ಬೆರಳು ಮಡಚಿ' ಎಂದು ಸೇರಿಸಿದಳು.

ಭಾನುವಾರ ಮೇಷ್ಟ್ರನ್ನು ಕಾಫಿಗೆ ಕರೆದೆ. "ಹೋದ ಸಲದ ನಿಮ್ಮ ಕಾವೇರಿಗೆ ಒಂದು ಅಂಕ ಬಾಕಿ ಇದೆ ಸಾರ್" ಎಂದಳು. ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದರು. ಕೆಂಗೇರಿಯ ಬಗ್ಗೆ ತಾವೇ ಒಂದು ಪ್ರಶ್ನೆ ಬರೆದು ತಂದಿದ್ದರು. ಅವಳು ಎರಡು ಸಲ ಓದಿದಳು.

"ಸಾರ್, ಇದಕ್ಕೆ ಎರಡು ಉತ್ತರ ಬರುತ್ತಲ್ವಾ?"

ಮೇಷ್ಟ್ರು ಪೆನ್ನು ಕೇಳಿದರು.